ಹೆರಿಂಗ್‌ಬೋನ್ ನೆಲದ ರೆಂಡರ್‌ನಲ್ಲಿ ಅರ್ಧ ಹಲಗೆ ಉಬ್ಬಿ, ಅರ್ಧ ತಗ್ಗಿ ಕಂಡರೆ

ತುಮಕೂರಿನಲ್ಲಿ ಮರದ ನೆಲ ಕೇಳುವವರು ಕಡಿಮೆ. ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್, ಹೊಸ ಮನೆಗಳಲ್ಲಿ ಗ್ರಾನೈಟ್ ಇಲ್ಲವೇ ವಿಟ್ರಿಫೈಡ್ ಟೈಲ್ಸ್. ಹಾಗಾಗಿ ಕ್ಯಾತ್ಸಂದ್ರದ ಕಡೆಯ ಒಂದು ಮನೆಗೆ, ಹಲಗೆಗಳನ್ನು ಬಾಣದ ತುದಿಯ ಹಾಗೆ ಓರೆಯಾಗಿ ಜೋಡಿಸುವ ಹೆರಿಂಗ್‌ಬೋನ್ ನೆಲದ ರೆಂಡರ್ ಮಾಡಿಕೊಡಿ ಎಂದು ಬಂದಾಗ ನಮಗೆ ಖುಷಿಯೇ ಆಯಿತು. ಹಾಲ್ 14 ಅಡಿ ಅಗಲ, 22 ಅಡಿ ಉದ್ದ. ಪೂರ್ವದ ಕಿರುಗೋಡೆಯಲ್ಲಿ ದೊಡ್ಡ ಕಿಟಕಿ. ಎದುರಿನ ತುದಿಯಲ್ಲಿ ಬಾಗಿಲು. ಹಲಗೆ 90 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಉದ್ದ. ಬೆಳಗಿನ ಬಿಸಿಲು ನೆಲದ ಮೇಲೆ ಬೀಳುವ ಚಿತ್ರ ಬೇಕು ಎಂದಿದ್ದರು.

ಮೊದಲ ರೆಂಡರ್ ನೋಡಿದ ಮನೆಯ ಯಜಮಾನಿ, "ನೆಲ ಒರೆಸಿ ಇನ್ನೂ ಆರೇ ಇಲ್ಲ ಅನ್ನೋ ಹಾಗಿದೆಯಲ್ಲ ಸಾರ್" ಎಂದರು. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಕಿಟಕಿ ಇಡೀ ನೆಲದಲ್ಲಿ ನೀರಿನಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಅದರ ಜೊತೆ ಇನ್ನೊಂದು ದೋಷವೂ ಇತ್ತು. ಅದು ಏನು ಅಂತ ಹೇಳಲು ಆಗುತ್ತಿರಲಿಲ್ಲ, ಆದರೆ ನೆಲ ನೋಡಿದರೆ ಕಣ್ಣಿಗೆ ಸಮಾಧಾನ ಇರಲಿಲ್ಲ.

ಅವತ್ತು ನಾವು ಮಾಡಿದ ತಪ್ಪನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ. ಹೊಳಪು ಜಾಸ್ತಿ ಆಯಿತು ಎಂದುಕೊಂಡು ಬ್ಲೆಂಡರ್‌ನಲ್ಲಿ `Specular IOR Level` ಅನ್ನು ಇಳಿಸಿದೆವು. ನೀರಿನ ಹೊಳಪು ಹೋಯಿತು, ಅದರ ಜೊತೆ ಮರವೂ ಹೋಯಿತು. ನೆಲ ರಟ್ಟಿನ ಹಾಗೆ ಸತ್ತು ಹೋಯಿತು. ಒಂದು ಇಡೀ ದಿನ ಅದನ್ನು ಮೇಲೆ ಕೆಳಗೆ ಮಾಡುತ್ತಾ ಕೂತೆವು. ಪಾಲಿಶ್ ಮಾಡಿದ ಮರಕ್ಕೆ `IOR` 1.5 ಇರುವುದು ಸರಿ. ಅದನ್ನೂ ಅದರ ಪಕ್ಕದ ಸ್ಪೆಕ್ಯುಲರ್ ಅನ್ನೂ ಮುಟ್ಟಬೇಡಿ. ದೋಷ ಅಲ್ಲಿಲ್ಲ.

ಈ ಬರಹದಲ್ಲಿ ಬರುವ ಹೆಸರುಗಳು ಬ್ಲೆಂಡರ್ 4 ಮತ್ತು ಅದರ ಸೈಕಲ್ಸ್ ರೆಂಡರರ್‌ನವು. ಬೇರೆ ಸಾಫ್ಟ್‌ವೇರ್‌ನಲ್ಲಿ ಹೆಸರು ಬೇರೆ ಇರುತ್ತದೆ, ಕಾರಣಗಳು ಇವೇ.

ಮೊದಲು ನೆಲವನ್ನು ಒಂಟಿಯಾಗಿ ನೋಡಿ

ಸೋಫಾ, ಪರದೆ, ಸೀಲಿಂಗ್ ಲೈಟು ಎಲ್ಲಾ ಇರುವ ಸೀನ್‌ನಲ್ಲಿ ನೆಲದ ದೋಷ ಹುಡುಕಲು ಹೋಗಬೇಡಿ. ಫೈಲ್ ಕಾಪಿ ಮಾಡಿ, ನೆಲ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮರೆಮಾಡಿ. `Base Color`ಗೆ ಜೋಡಿಸಿದ ಮರದ ಚಿತ್ರವನ್ನು ಬಿಡಿಸಿ, ಬರೀ ಬೂದು ಬಣ್ಣ ಕೊಡಿ. ಮರದ ಎಳೆ, ಗಂಟು, ಬಣ್ಣದ ವ್ಯತ್ಯಾಸ ಇವು ನಮ್ಮ ಕಣ್ಣನ್ನು ಮರೆಸುತ್ತವೆ. ಬೂದು ಬಣ್ಣದಲ್ಲಿ ಬೆಳಕು ಹೇಗೆ ಬೀಳುತ್ತಿದೆ ಅನ್ನುವುದು ಮಾತ್ರ ಉಳಿಯುತ್ತದೆ.

ಆಮೇಲೆ ಒಂದೇ ಒಂದು `Sun` ಲೈಟ್ ಇಡಿ. ಕಿಟಕಿಯ ದಿಕ್ಕಿನಿಂದಲೇ ಬರಲಿ, ನೆಲದಿಂದ ಸುಮಾರು 15 ಡಿಗ್ರಿ ಮೇಲೆ ಮಾತ್ರ ಇರಲಿ. ನಮ್ಮ ಊರಲ್ಲಿ ಸೂರ್ಯ ಹುಟ್ಟಿ ಒಂದು ಗಂಟೆ ಆದಾಗ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತಾನೆ. ಇಷ್ಟು ಓರೆಯಾದ ಬೆಳಕಿನಲ್ಲಿ ಹಲಗೆಯ ಪ್ರತಿ ಅಂಚೂ ತನ್ನ ನಿಜ ಹೇಳುತ್ತದೆ. ಕ್ಯಾಮೆರಾವನ್ನು ನೇರ ಮೇಲಿನಿಂದ ಕೆಳಕ್ಕೆ ನೋಡುವ ಹಾಗೆ ಇಟ್ಟು ಒಂದು ಸಣ್ಣ ರೆಂಡರ್ ತೆಗೆಯಿರಿ. ಎರಡು ನಿಮಿಷದ ಕೆಲಸ. ಮುಂದೆ ಹೇಳುವ ಎಲ್ಲ ಪರೀಕ್ಷೆಗೂ ಇದೇ ಸೀನ್ ಸಾಕು.

ಒದ್ದೆ ನೆಲ: ಮ್ಯಾಪ್ ಅನ್ನು ಬಣ್ಣ ಅಂತ ಓದಿದಾಗ

ಒದ್ದೆ ನೆಲದ ಕಾರಣ ಬೇಗ ಸಿಕ್ಕಿತು. ರಫ್‌ನೆಸ್ ಮ್ಯಾಪ್‌ನ ಇಮೇಜ್ ನೋಡ್‌ನಲ್ಲಿ `Color Space` ಅನ್ನುವ ಜಾಗದಲ್ಲಿ `sRGB` ಇತ್ತು. ಅಲ್ಲಿ `Non-Color` ಇರಬೇಕು.

ಇದು ಸಣ್ಣ ವಿಷಯ ಅಲ್ಲ. ರಫ್‌ನೆಸ್ ಮ್ಯಾಪ್ ಕಣ್ಣಿಗೆ ಕಪ್ಪು-ಬಿಳುಪು ಫೋಟೋ ಥರ ಕಂಡರೂ ಅದು ಬಣ್ಣ ಅಲ್ಲ, ಬರೀ ಅಂಕಿಗಳು. ಅದರಲ್ಲಿ 0.5 ಅಂತ ಬರೆದಿದ್ದರೆ ಹಲಗೆಯ ಒರಟುತನ 0.5 ಎಂದೇ ಅರ್ಥ. `sRGB` ಎಂದು ಓದಿದಾಗ ಸಾಫ್ಟ್‌ವೇರ್ ಅದನ್ನು ಫೋಟೋ ಎಂದುಕೊಂಡು ಲೆಕ್ಕ ಹಾಕುತ್ತದೆ. ಆಗ 0.5 ಇದ್ದದ್ದು 0.214 ಆಗುತ್ತದೆ. ಸ್ಯಾಟಿನ್ ಪಾಲಿಶ್ ಇರಬೇಕಾದ ಹಲಗೆ ನುಣುಪಾಗಿ ಹೊಳೆಯತೊಡಗುತ್ತದೆ. ಯಜಮಾನಿ ನೋಡಿದ ನೀರು ಇದೇ.

ಪರೀಕ್ಷೆ ಸುಲಭ. ರಫ್‌ನೆಸ್ ಮ್ಯಾಪ್‌ನ ಜೋಡಣೆ ಬಿಡಿಸಿ, `Roughness`ನಲ್ಲಿ 0.4 ಅಂತ ಕೈಯಲ್ಲೇ ಬರೆಯಿರಿ. ಒದ್ದೆತನ ಹೋದರೆ ದೋಷ ಮ್ಯಾಪ್ ಓದುವ ರೀತಿಯಲ್ಲಿದೆ. ಹೋಗದಿದ್ದರೆ `Coat` ಏನಾದರೂ ಹಾಕಿದ್ದೀರಾ ನೋಡಿ. `Coat`ಗೆ ಅದರದೇ ಬೇರೆ ರಫ್‌ನೆಸ್ ಇರುತ್ತದೆ. ಅದು ಮೊದಲಿಗೆ ತುಂಬಾ ಕಡಿಮೆ ಇರುವುದರಿಂದ ಕೆಳಗಿನ ಮರ ಎಷ್ಟೇ ಒರಟಿದ್ದರೂ ಮೇಲೆ ಗಾಜು ಹಾಸಿದ ಹಾಗೆ ಕಾಣುತ್ತದೆ.

ಮೇಲ್ಮೈಯ ಪ್ರತಿ ಚುಕ್ಕೆ ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳುವ ನಾರ್ಮಲ್ ಮ್ಯಾಪ್‌ನಲ್ಲಿ ಇದೇ ತಪ್ಪು ಆದರೆ ಇನ್ನೂ ಕೆಟ್ಟದ್ದು. ನಾರ್ಮಲ್ ಮ್ಯಾಪ್‌ನಲ್ಲಿ ಸಮತಟ್ಟು ಎಂದರೆ ಕೆಂಪು 0.5, ಹಸಿರು 0.5, ನೀಲಿ 1. `sRGB` ಆದಾಗ ಆ ಎರಡು 0.5ಗಳೂ 0.214ಕ್ಕೆ ಇಳಿಯುತ್ತವೆ. ಲೆಕ್ಕ ಹಾಕಿದರೆ ಸಮತಟ್ಟಾದ ಹಲಗೆ ಸುಮಾರು 39 ಡಿಗ್ರಿ ವಾಲಿದೆ ಎಂದು ರೆಂಡರರ್ ತಿಳಿದುಕೊಳ್ಳುತ್ತದೆ. ಕಿಟಕಿಯ ಪ್ರತಿಬಿಂಬ ಬರಬೇಕಾದ ಕಡೆ ಗೋಡೆಯದ್ದೋ ಸೀಲಿಂಗ್‌ನದ್ದೋ ಬರುತ್ತದೆ. ನಮ್ಮ ಫೈಲ್‌ನಲ್ಲಿ ಅದೃಷ್ಟಕ್ಕೆ ನಾರ್ಮಲ್ ಮ್ಯಾಪ್ `Non-Color` ಇತ್ತು. ಎರಡನ್ನೂ ನೋಡಿ ಮುಂದೆ ಹೋಗಿ.

ಆಚಾರ್ರು ಕಂಡುಹಿಡಿದ ದೋಷ

ಒದ್ದೆತನ ಹೋದ ಮೇಲೂ ಆ ಅಸಮಾಧಾನ ಉಳಿದಿತ್ತು. ಮನೆಯ ಮರಗೆಲಸ ಮಾಡುತ್ತಿದ್ದ ಆಚಾರ್ರು ಅವತ್ತು ಅಳತೆ ಕೊಡಲು ಬಂದಿದ್ದರು. ವಯಸ್ಸಾದವರು, ಕಂಪ್ಯೂಟರ್ ಮುಟ್ಟಿದವರಲ್ಲ. ಸ್ಕ್ರೀನ್ ಮುಂದೆ ಒಂದು ನಿಮಿಷ ನಿಂತು ನೋಡಿ, ಕೈಯಿಂದ ತೋರಿಸಿ ಹೇಳಿದರು: "ಈ ಹಲಗೆಗೆಲ್ಲ ಬಿಸಿಲು ಈ ಕಿಟಕಿಯಿಂದ ಬರ್ತಾ ಇದೆ. ಇದರ ಜೋಡಿ ಹಲಗೆಗೆ ಬಿಸಿಲು ಆ ಗೋಡೆ ಕಡೆಯಿಂದ ಬರ್ತಾ ಇದೆ. ಅಲ್ಲಿ ಕಿಟಕಿ ಇಲ್ವಲ್ಲಪ್ಪಾ."

ಬೂದು ಬಣ್ಣದ ಪರೀಕ್ಷಾ ರೆಂಡರ್‌ನಲ್ಲಿ ನೋಡಿದರೆ ಅವರು ಹೇಳಿದ್ದೇ ನಿಜ. ಹೆರಿಂಗ್‌ಬೋನ್‌ನಲ್ಲಿ ಎರಡು ಗುಂಪು ಹಲಗೆಗಳಿರುತ್ತವೆ. ಒಂದು ಗುಂಪು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ ಓರೆ. ಬೆಳಕು ಪೂರ್ವದಿಂದ ಬಂದರೆ, ಯಾವ ಗುಂಪೇ ಇರಲಿ, ಪೂರ್ವಕ್ಕೆ ಮುಖ ಮಾಡಿದ ಅಂಚು ಬೆಳ್ಳಗೆ ಇರಬೇಕು, ಆಚೆಯ ಅಂಚು ಕಪ್ಪಗೆ ಇರಬೇಕು. ನಮ್ಮಲ್ಲಿ ಒಂದು ಗುಂಪು ಹಾಗೇ ಇತ್ತು. ಇನ್ನೊಂದು ಗುಂಪಿನಲ್ಲಿ ಉದ್ದ ಅಂಚುಗಳು ಉಲ್ಟಾ ಆಗಿದ್ದವು. ಹಾಗಾಗಿ ಮೊದಲ ಗುಂಪು ಉಬ್ಬಿದ ಹಲಗೆಯ ಹಾಗೆ, ಎರಡನೆಯದು ತೋಡಿದ ದೋಣಿಯ ಹಾಗೆ ಕಾಣುತ್ತಿತ್ತು. ನಮ್ಮ ಕಣ್ಣಿಗೆ ಸಮಾಧಾನ ಆಗದೇ ಇದ್ದದ್ದು ಇದಕ್ಕೇ.

ಹೀಗೇಕೆ ಆಯಿತು? ನಮ್ಮ ಹುಡುಗ ಟೆಕ್ಸ್ಚರ್ ತಯಾರಿಸಿದ ರೀತಿ ಹೀಗಿತ್ತು. ಅಡ್ಡವಾಗಿ ಮಲಗಿದ ಒಂದು ಹಲಗೆಯ ಚಿತ್ರ, ಅದರ ನಾರ್ಮಲ್ ಮ್ಯಾಪ್ ಎರಡೂ ಇದ್ದವು. ಇಮೇಜ್ ಎಡಿಟರ್‌ನಲ್ಲಿ ಅಡ್ಡ ಹಲಗೆಗಳನ್ನು ಹಾಗೇ ಇಟ್ಟ. ನಿಂತ ಹಲಗೆಗಳಿಗೆ ಅದೇ ಚಿತ್ರವನ್ನು 90 ಡಿಗ್ರಿ ತಿರುಗಿಸಿದ. ಬಣ್ಣದ ಚಿತ್ರಕ್ಕೆ ಇದು ಸರಿ. ನಾರ್ಮಲ್ ಮ್ಯಾಪ್‌ಗೆ ಇದು ಸರಿಯಲ್ಲ.

ಯಾಕೆಂದರೆ ನಾರ್ಮಲ್ ಮ್ಯಾಪ್‌ನ ಪ್ರತಿ ಚುಕ್ಕೆಯೂ ಒಂದು ದಿಕ್ಕನ್ನು ಬರೆದಿಟ್ಟ ಚೀಟಿ ಇದ್ದ ಹಾಗೆ. ಕೆಂಪು ಜಾಸ್ತಿ ಇದ್ದರೆ ನಾನು ಬಲಕ್ಕೆ ಮುಖ ಮಾಡಿದ್ದೇನೆ, ಹಸಿರು ಜಾಸ್ತಿ ಇದ್ದರೆ ಮೇಲಕ್ಕೆ ಮುಖ ಮಾಡಿದ್ದೇನೆ ಎಂದು ಅರ್ಥ. ಚಿತ್ರ ತಿರುಗಿಸಿದಾಗ ಚೀಟಿ ಜಾಗ ಬದಲಾಯಿಸುತ್ತದೆ, ಅದರಲ್ಲಿ ಬರೆದದ್ದು ಬದಲಾಗುವುದಿಲ್ಲ. ಹಲಗೆಯ ಮೇಲಂಚು ತಿರುಗಿ ಎಡಕ್ಕೆ ಬಂದು ಕೂತಿದೆ, ಆದರೆ ಚೀಟಿ ಇನ್ನೂ "ನಾನು ಮೇಲಕ್ಕೆ ನೋಡುತ್ತಿದ್ದೇನೆ" ಎನ್ನುತ್ತಿದೆ. ರೆಂಡರರ್ ಚೀಟಿಯನ್ನೇ ನಂಬುತ್ತದೆ.

ಇದನ್ನು ರೆಂಡರ್ ಮಾಡದೆಯೂ ಕಂಡುಹಿಡಿಯಬಹುದು. ನಾರ್ಮಲ್ ಮ್ಯಾಪ್ ಅನ್ನು ಸುಮ್ನೆ ಚಿತ್ರವಾಗಿ ತೆರೆದು ದೊಡ್ಡದು ಮಾಡಿ. ಬಲಕ್ಕೆ ಮುಖ ಮಾಡಿದ ಅಂಚುಗಳನ್ನು ಮಾತ್ರ ನೋಡುತ್ತಾ ಹೋಗಿ. ಅಡ್ಡ ಹಲಗೆಯ ಬಲತುದಿ ಗುಲಾಬಿ ಛಾಯೆಯಲ್ಲಿದ್ದರೆ, ನಿಂತ ಹಲಗೆಯ ಬಲಬದಿಯೂ ಗುಲಾಬಿಯೇ ಇರಬೇಕು. ಒಂದೇ ದಿಕ್ಕಿಗೆ ನೋಡುವ ಎರಡು ಅಂಚಿಗೆ ಎರಡು ಬಣ್ಣ ಇದ್ದರೆ ಆ ಮ್ಯಾಪ್ ಕೆಟ್ಟಿದೆ. ಹೊರಗಿನಿಂದ ತೆಗೆದುಕೊಂಡ ಹೆರಿಂಗ್‌ಬೋನ್ ಟೆಕ್ಸ್ಚರ್‌ಗಳನ್ನೂ ನಾನು ಈಗ ಮೊದಲು ಹೀಗೇ ನೋಡುತ್ತೇನೆ.

ಅದೇ ಮ್ಯಾಪ್ ಉಳಿಸಿಕೊಳ್ಳಬೇಕು ಎಂದರೆ, ತಿರುಗಿಸಿದ ಹಲಗೆಗಳಲ್ಲಿ ಮಾತ್ರ ಬಣ್ಣದ ಚಾನೆಲ್‌ಗಳನ್ನು ಅದಲುಬದಲು ಮಾಡಬೇಕು. ಚಿತ್ರವನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ 90 ಡಿಗ್ರಿ ತಿರುಗಿಸಿದ್ದರೆ ಸೂತ್ರ ಇದು:

```
R_new = 1 - G_old
G_new = R_old
B_new = B_old
```

ಮುಳ್ಳಿನ ದಿಕ್ಕಿಗೇ ತಿರುಗಿಸಿದ್ದರೆ `R_new = G_old`, `G_new = 1 - R_old`. ಇದು ಓಪನ್‌ಜಿಎಲ್ ಬಗೆಯ ಮ್ಯಾಪ್‌ಗೆ, ಬ್ಲೆಂಡರ್ ಓದುವುದು ಆ ಬಗೆಯನ್ನೇ. ಡೈರೆಕ್ಟ್‌ಎಕ್ಸ್ ಬಗೆಯ ಮ್ಯಾಪ್‌ನಲ್ಲಿ ಹಸಿರು ತಲೆಕೆಳಗಾಗಿರುತ್ತದೆ. ಅದಕ್ಕೆ ಮೊದಲು ಹಸಿರು ಚಾನೆಲ್ ಅನ್ನು `1 - G` ಮಾಡಿ, ಆಮೇಲೆ ಈ ಸೂತ್ರ ಬಳಸಿ.

ಇದೇ ದೋಷ ಬರುವ ಇನ್ನೊಂದು ದಾರಿ

ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಇಲ್ಲಿ ಚೆನ್ನಾಗಿ ಕಲಿತವರೂ ಎಡವುತ್ತಾರೆ. ಶೇಡರ್‌ನಲ್ಲಿ `Mapping` ನೋಡ್ ಇದೆಯಲ್ಲ, ಅದರ `Rotation`ನಲ್ಲಿ 45 ಅಥವಾ 90 ಬರೆದು ಹಲಗೆ ತಿರುಗಿಸುವುದು ತುಂಬಾ ಸುಲಭ. ಬಣ್ಣದ ಚಿತ್ರ ಸರಿಯಾಗಿ ತಿರುಗುತ್ತದೆ. ಆದರೆ `Normal Map` ನೋಡ್ ದಿಕ್ಕನ್ನು ತೆಗೆದುಕೊಳ್ಳುವುದು ಚಿತ್ರ ಮೇಲ್ಮೈ ಮೇಲೆ ಹೇಗೆ ಕೂರಬೇಕು ಎಂದು ಹೇಳುವ ಯುವಿಯಿಂದ, `Mapping` ನೋಡ್‌ನಿಂದ ಅಲ್ಲ. ನೀವು ಅಲ್ಲಿ ತಿರುಗಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂದರೆ ಇಮೇಜ್ ಎಡಿಟರ್‌ನಲ್ಲಿ ಚಿತ್ರ ತಿರುಗಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

`Mapping`ನಲ್ಲಿ ಜಾಗ ಸರಿಸುವುದರಿಂದ ತೊಂದರೆ ಇಲ್ಲ. ತಿರುಗಿಸುವುದಿದ್ದರೆ ಯುವಿ ಎಡಿಟರ್‌ಗೆ ಹೋಗಿ, ಯುವಿಯನ್ನೇ ಹಿಡಿದು ತಿರುಗಿಸಿ. ಆಗ ದಿಕ್ಕೂ ಅದರ ಜೊತೆ ತಿರುಗುತ್ತದೆ.

ಅಗಲ ಹಲಗೆಯ ನೆಲದಲ್ಲೂ ಇದೇ ಆಗುತ್ತದೆ. ಅದೇ ಮನೆಯ ಮಲಗುವ ಕೋಣೆಗೆ 220 ಮಿಲಿಮೀಟರ್ ಅಗಲದ ಹಲಗೆ ಹಾಕಿದ್ದೆವು. ಹಲಗೆ ಕೋಣೆಗೆ ಅಡ್ಡ ಬಂದಿತ್ತು. `Mapping`ನಲ್ಲಿ 90 ಬರೆದು ಸರಿಮಾಡಿದ್ದೆವು. ಅಲ್ಲಿ ಎಲ್ಲ ಹಲಗೆಯೂ ಒಂದೇ ದಿಕ್ಕಿಗೆ ಇರುವುದರಿಂದ ತಪ್ಪು ಎದ್ದು ಕಾಣಲಿಲ್ಲ. ಹೋಲಿಸಲು ಪಕ್ಕದಲ್ಲಿ ಸರಿಯಾದ ಹಲಗೆ ಒಂದೂ ಇಲ್ಲವಲ್ಲ. ಹಾಲ್‌ನಲ್ಲಿ ದೋಷ ಸಿಕ್ಕಿದ ಮೇಲೆ ಇಲ್ಲೂ ಓರೆ ಬೆಳಕು ಹಾಕಿ ನೋಡಿದೆವು. ಬೆಳಕು ಹಲಗೆಗೆ ಅಡ್ಡ ಬೀಳುತ್ತಿದ್ದರೂ ಉದ್ದ ಅಂಚುಗಳಲ್ಲಿ ಬಿಳುಪು-ಕಪ್ಪಿನ ವ್ಯತ್ಯಾಸವೇ ಇರಲಿಲ್ಲ, ಸಣ್ಣ ತುದಿಗಳು ಮಾತ್ರ ಹೊಳೆಯುತ್ತಿದ್ದವು. ಅಗಲ ಹಲಗೆಯಲ್ಲಿ ಈ ದೋಷದ ಗುರುತು ಅದೇ.

ಹಲಗೆಗಳನ್ನೇ ಮಾಡಿ ಹಾಸುವುದು

ಕೊನೆಗೆ ನಾವು ಆ ದೊಡ್ಡ ಚಿತ್ರವನ್ನೇ ಬಿಟ್ಟೆವು. ಒಂದೇ ಒಂದು ಹಲಗೆಯನ್ನು ಮಾಡೆಲ್ ಮಾಡಿದೆವು. 600 ಮಿಲಿಮೀಟರ್ ಉದ್ದ, ಉದ್ದ ಅದರ `X` ದಿಕ್ಕಿಗೆ. ಅಂಚಿಗೆ 1 ಮಿಲಿಮೀಟರ್ ಬೆವೆಲ್. ಯುವಿಯಲ್ಲಿ `U` ಹಲಗೆಯ ಉದ್ದಕ್ಕೆ. ಅದನ್ನು `Alt+D` ಒತ್ತಿ ಕಾಪಿ ಮಾಡುತ್ತಾ ಹೋದರೆ ಎಲ್ಲ ಹಲಗೆಗೂ ಒಂದೇ ಮೆಶ್, ಒಂದೇ ಯುವಿ. ಹಲಗೆ ಯಾವ ಕಡೆ ತಿರುಗಿದರೂ ಎಳೆ, ನಾರ್ಮಲ್, ಹೊಳಪು ಎಲ್ಲವೂ ಅದರ ಜೊತೆಗೇ ತಿರುಗುತ್ತವೆ. ತಪ್ಪಾಗಲು ದಾರಿಯೇ ಇಲ್ಲ.

ಹಾಸುವ ಲೆಕ್ಕ ಹೀಗೆ. ಮೊದಲು 45 ಡಿಗ್ರಿ ಮರೆತುಬಿಡಿ. ಒಂದು ಹಲಗೆಯನ್ನು ಅಡ್ಡ ಮಲಗಿಸಿ. ಅದರ ಎಡತುದಿಯ ಮೇಲೆ ಇನ್ನೊಂದನ್ನು ನಿಲ್ಲಿಸಿ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಈ ಜೋಡಿಯನ್ನು ಬಲಕ್ಕೆ 90, ಮೇಲಕ್ಕೆ 90 ಮಿಲಿಮೀಟರ್ ಸರಿಸಿ ಕಾಪಿ ಮಾಡುತ್ತಾ ಹೋದರೆ ಒಂದು ಸಾಲು ಬೆಳೆಯುತ್ತದೆ. ಆ ಇಡೀ ಸಾಲನ್ನು ಬಲಕ್ಕೆ 600, ಕೆಳಕ್ಕೆ 600 ಸರಿಸಿದರೆ ಪಕ್ಕದ ಸಾಲು. ಸಂದೇ ಇಲ್ಲದೆ ಕೂಡಿಕೊಳ್ಳುತ್ತದೆ. ಎಲ್ಲಾ ಆದ ಮೇಲೆ ಒಟ್ಟಿಗೆ 45 ಡಿಗ್ರಿ ತಿರುಗಿಸಿ. ಆ ಹಾಲ್‌ಗೆ ಸುಮಾರು 530 ಹಲಗೆ ಬೇಕಾದವು, ಗೋಡೆ ಬದಿಯ ಕತ್ತರಿಸುವ ಹಲಗೆ ಬಿಟ್ಟು. ಮೆಶ್ ಒಂದೇ ಆದ್ದರಿಂದ ಕಂಪ್ಯೂಟರ್‌ಗೆ ಇದು ಭಾರವೇ ಅಲ್ಲ.

ಎಲ್ಲ ಹಲಗೆಗೂ ಒಂದೇ ಗಂಟು ಬಾರದ ಹಾಗೆ, ಒಂದರ ಮೇಲೊಂದು ಎಂಟು ಹಲಗೆ ಇರುವ ಒಂದು ಚಿತ್ರ ಮಾಡಿಕೊಂಡೆವು. ಯುವಿಯನ್ನು ಅದರ ಒಂದು ಪಟ್ಟಿಯಷ್ಟಕ್ಕೇ ಇಟ್ಟು, `Object Info` ನೋಡ್‌ನ `Random` ಅನ್ನು 8ರಿಂದ ಗುಣಿಸಿ, `Floor` ಮಾಡಿ, ಮತ್ತೆ 8ರಿಂದ ಭಾಗಿಸಿ `V`ಗೆ ಕೂಡಿಸಿದರೆ ಪ್ರತಿ ಹಲಗೆ ಆ ಎಂಟರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ.

ಈಗ ನೆಲ ಒಂದೇ ಗಾಜಿನ ಹಾಳೆ

ಅಂಚುಗಳು ಸರಿಯಾದವು. ಆದರೆ ಕ್ಯಾಮೆರಾವನ್ನು ಬಾಗಿಲಿಗೆ ತಂದಾಗ ಇನ್ನೊಂದು ಕಂಡಿತು. ಕಿಟಕಿಯ ಚೌಕಟ್ಟಿನ ಪ್ರತಿಬಿಂಬ ಐವತ್ತು ಹಲಗೆ ದಾಟಿ ಗೆರೆ ಎಳೆದ ಹಾಗೆ ನೇರವಾಗಿ ಬರುತ್ತಿತ್ತು. ಮರದ ಚಿತ್ರ ಅಂಟಿಸಿ ಮೇಲೆ ಗಾಜು ಇಟ್ಟ ಹಾಗೆ. ರಫ್‌ನೆಸ್ ಏರಿಸಿದರೆ ಗೆರೆ ಮಸುಕಾಗುತ್ತದೆ, ಆದರೆ ನೇರವಾಗಿಯೇ ಇರುತ್ತದೆ.

ನಿಜವಾದ ನೆಲದಲ್ಲಿ ಯಾವ ಎರಡು ಹಲಗೆಯೂ ಒಂದೇ ಮಟ್ಟಕ್ಕೆ ಕೂರುವುದಿಲ್ಲ. ಕೂದಲೆಳೆಯಷ್ಟು ವಾಲಿರುತ್ತವೆ. ಕೈಯಲ್ಲಿ ಸವರಿದರೆ ಅದು ಗೊತ್ತಾಗುವುದೂ ಕಷ್ಟ. ಆದರೆ ಪ್ರತಿಬಿಂಬ ವಾಲಿದ್ದರ ಎರಡರಷ್ಟು ತಿರುಗುತ್ತದೆ. ಹಲಗೆ 0.3 ಡಿಗ್ರಿ ವಾಲಿದರೆ ಪ್ರತಿಬಿಂಬ 0.6 ಡಿಗ್ರಿ. 5 ಮೀಟರ್ ಆಚೆಯ ಕಿಟಕಿಯ ಅಂಚು ಆ ಹಲಗೆಯಲ್ಲಿ ಸುಮಾರು 5 ಸೆಂಟಿಮೀಟರ್ ಸರಿದು ಕಾಣುತ್ತದೆ. ಅಷ್ಟು ಸಾಕು, ನೆಲ ಹಲಗೆ ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ.

ನಾವು ಎಲ್ಲ ಹಲಗೆ ಆಯ್ಕೆ ಮಾಡಿ ಓಡಿಸಿದ ಪುಟ್ಟ ಸ್ಕ್ರಿಪ್ಟ್:

```python
import bpy, math, random
for o in bpy.context.selected_objects:
    o.rotation_mode = 'XYZ'
    o.rotation_euler.x = math.radians(random.uniform(-0.3, 0.3))
```

ಹಲಗೆಯ ಉದ್ದ `X`ಗೆ ಇರುವುದರಿಂದ ಇದು ಹಲಗೆಯನ್ನು ಅದರ ಉದ್ದದ ಅಕ್ಷದ ಸುತ್ತ ಮಾತ್ರ ವಾಲಿಸುತ್ತದೆ. ಅದು ಬೇಕೆಂದೇ ಮಾಡಿದ್ದು. 90 ಮಿಲಿಮೀಟರ್ ಅಗಲಕ್ಕೆ 0.3 ಡಿಗ್ರಿ ಎಂದರೆ ಒಂದು ಬದಿಯಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸ. ಅದೇ ಕೋನವನ್ನು 600ರ ಉದ್ದಕ್ಕೆ ಕೊಟ್ಟರೆ ತುದಿ 3 ಮಿಲಿಮೀಟರ್ ಎದ್ದು ಕೂರುತ್ತದೆ, ಯಾವ ಆಚಾರ್ರೂ ಅಂಥ ನೆಲ ಬಿಟ್ಟು ಹೋಗುವುದಿಲ್ಲ. 220ರ ಅಗಲ ಹಲಗೆಗೆ 0.1 ಡಿಗ್ರಿ ದಾಟಬೇಡಿ. ಸ್ಕ್ರಿಪ್ಟ್ ಓಡಿಸುವ ಮೊದಲೂ ಆಮೇಲೂ ಹಲಗೆಗಳ ಮೇಲೆ `Apply Rotation` ಮಾಡಬೇಡಿ. ಮಾಡಿದರೆ ಹಲಗೆಯ ಸ್ವಂತ ದಿಕ್ಕು ಅಳಿಸಿಹೋಗುತ್ತದೆ.

ಒಂದು ಗುಂಪು ಬೆಳ್ಳಗೆ, ಒಂದು ಕಪ್ಪಗೆ ಕಂಡರೆ

ಇದು ಯಾವಾಗಲೂ ದೋಷವಲ್ಲ. ಮರದ ನಾರು ಉದ್ದಕ್ಕೂ ಒಂದೇ ದಿಕ್ಕಿಗೆ ಇರುವುದರಿಂದ ಅದು ಬೆಳಕನ್ನು ಎಲ್ಲ ಕಡೆಗೂ ಸಮವಾಗಿ ಚೆಲ್ಲುವುದಿಲ್ಲ. ನಿಜವಾದ ಹೆರಿಂಗ್‌ಬೋನ್ ನೆಲವನ್ನು ಮೂಲೆಯಿಂದ ನೋಡಿದರೆ ಒಂದು ಗುಂಪು ತಿಳಿಯಾಗಿ, ಒಂದು ಗಾಢವಾಗಿ ಕಾಣುತ್ತದೆ. ಇನ್ನೊಂದು ಬದಿಯ ಮೂಲೆಗೆ ನಡೆದರೆ ಅದು ಬದಲಾಗುತ್ತದೆ. ಕಿಟಕಿಯನ್ನು ನೇರ ಎದುರಿಗೆ ಇಟ್ಟುಕೊಂಡು ನೋಡಿದರೆ ಎರಡು ಗುಂಪೂ ಬೆಳಕಿಗೆ ಒಂದೇ ಓರೆಯಲ್ಲಿ ಇರುವುದರಿಂದ ಸಮವಾಗಿ ಕಾಣುತ್ತವೆ.

ಇದು ಪರೀಕ್ಷೆಯೂ ಹೌದು. ಕಿಟಕಿಗೆ ನೇರ ಎದುರು ನಿಂತ ಕ್ಯಾಮೆರಾದಲ್ಲೂ, ಬೂದು ಬಣ್ಣದಲ್ಲೂ ಎರಡು ಗುಂಪು ಬೇರೆ ಬೇರೆ ಕಂಡರೆ ಎಲ್ಲೋ ತಪ್ಪಿದೆ. ಮೊದಲು ನಾರ್ಮಲ್ ಮ್ಯಾಪ್‌ನ `Color Space` ನೋಡಿ. ಅದರಿಂದ ಬರುವ ಆ 39 ಡಿಗ್ರಿಯ ವಾಲು ಎರಡು ಗುಂಪಿನಲ್ಲಿ ಎರಡು ದಿಕ್ಕಿಗೆ ಇರುವುದರಿಂದ, ನಾರಿನ ಹೊಳಪು ಇದೇ ಇರಬೇಕು ಎಂದು ಮೋಸ ಹೋಗುವುದು ಸುಲಭ.

ನಾರಿನ ಹೊಳಪು ಬೇಕೆಂದರೆ `Anisotropic` ಅನ್ನು 0.3ರಿಂದ ಶುರುಮಾಡಿ. ಎಳೆ ಎಳೆಯಾದ ಮೇಲ್ಮೈಯಲ್ಲಿ ಹೊಳಪು ಎಳೆಗೆ ಅಡ್ಡವಾಗಿ ಚಾಚಿಕೊಳ್ಳುತ್ತದೆ. ಸೈಕಲ್ಸ್ ಅದನ್ನು ಟ್ಯಾಂಜೆಂಟ್ ದಿಕ್ಕಿಗೆ, ಇಲ್ಲಿ ಯುವಿಯ `U` ದಿಕ್ಕಿಗೆ, ಚಾಚುತ್ತದೆ. ನಮ್ಮ `U` ಹಲಗೆಯ ಉದ್ದಕ್ಕೆ ಇರುವುದರಿಂದ `Anisotropic Rotation` 0.25 ಕೊಡಬೇಕು, ಅಂದರೆ ಕಾಲು ಸುತ್ತು. ಇಲ್ಲಿ ಒಂದನ್ನು ಮರೆಯುವವರು ಜಾಸ್ತಿ. `Tangent` ನೋಡ್ ಹಾಕಿ, ಅದರಲ್ಲಿ `UV Map` ಆರಿಸಿ, ಶೇಡರ್‌ನ `Tangent`ಗೆ ಜೋಡಿಸಲೇಬೇಕು. ಜೋಡಿಸದಿದ್ದರೆ ಸೈಕಲ್ಸ್ ವಸ್ತುವಿನ ನಡುಮಧ್ಯದ ಸುತ್ತ ವೃತ್ತಾಕಾರದ ದಿಕ್ಕನ್ನು ತಾನೇ ಹಿಡಿದುಕೊಳ್ಳುತ್ತದೆ. ನೆಲ ಒಂದೇ ತುಂಡಿನದ್ದಾಗಿದ್ದರೆ ಹೊಳಪು ಹಾಲ್‌ನ ಮಧ್ಯದಿಂದ ಗಾಲಿಯ ಕಡ್ಡಿಗಳ ಹಾಗೆ ಹರಡುತ್ತದೆ, ಉಜ್ಜಿದ ಸ್ಟೀಲ್ ತಟ್ಟೆಯ ತಳದಲ್ಲಿ ಕಾಣುತ್ತದಲ್ವಾ, ಹಾಗೆ. ಆ ರೂಪ ಕಂಡರೆ ಬೇರೇನೂ ಹುಡುಕಬೇಡಿ, `Tangent` ಬಿಟ್ಟುಹೋಗಿದೆ.

ದಿಕ್ಕು ಮತ್ತು ದೂರದ ಬಿಳುಪು

ಹೆರಿಂಗ್‌ಬೋನ್‌ನ ಬಾಣದ ತುದಿಗಳು ಬಾಗಿಲಿನಿಂದ ಕಿಟಕಿಯ ಕಡೆಗೆ ಓಡಬೇಕು ಎಂದು ಆಚಾರ್ರು ಹೇಳಿದರು, ಹಾಗೇ ಮಾಡಿದೆವು. ಅಗಲ ಹಲಗೆಯನ್ನು ಅವರು ಬೆಳಕು ಬರುವ ದಿಕ್ಕಿಗೇ ಉದ್ದ ಹಾಕಿಸುತ್ತಾರೆ. ರೆಂಡರ್‌ನಲ್ಲೂ ಅದು ಸರಿಯೇ. ಬೆಳಕಿಗೆ ಅಡ್ಡ ಹಾಕಿದರೆ ಪ್ರತಿ ಸಂದಿಯೂ ನೆರಳು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಕೊನೆಗೆ ಉಳಿದದ್ದು ಕಿಟಕಿಯ ಹತ್ತಿರ ನೆಲ ಬೆಳ್ಳಗೆ ತೊಳೆದ ಹಾಗೆ ಕಾಣುವುದು. ಇದರಲ್ಲಿ ತಪ್ಪೇನಿಲ್ಲ. `IOR` 1.5 ಇರುವ ಮೇಲ್ಮೈ ನೇರ ಮೇಲಿನಿಂದ ನೋಡಿದಾಗ ಬೆಳಕಿನ ನೂರಕ್ಕೆ 4ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ. ಓರೆಯಾದಷ್ಟೂ ಅದು ಏರುತ್ತದೆ. ನಮ್ಮ ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿತ್ತು. 6 ಮೀಟರ್ ದೂರದ ನೆಲ ಅಲ್ಲಿಂದ ನೂರಕ್ಕೆ ಸುಮಾರು 35ರಷ್ಟನ್ನು ಪ್ರತಿಫಲಿಸುತ್ತದೆ. ಕ್ಯಾಮೆರಾವನ್ನು 1.5 ಮೀಟರ್‌ಗೆ ಏರಿಸಿದಾಗ ಅದು 27ರ ಹತ್ತಿರಕ್ಕೆ ಇಳಿಯಿತು. ಮೆಟೀರಿಯಲ್‌ನಲ್ಲಿ ಒಂದು ಅಂಕಿಯನ್ನೂ ಬದಲಾಯಿಸಲಿಲ್ಲ. ಕಿಟಕಿ ಬಳಿಯ ಹಲಗೆಯಲ್ಲಿ ಎಳೆ ಮತ್ತೆ ಕಂಡಿತು.

ಆ ಚಿತ್ರವನ್ನು ಆಚಾರ್ರಿಗೆ ತೋರಿಸಿದೆವು. ಹತ್ತಿರ ಬಂದು, ಕಿಟಕಿಯ ಕಡೆಯಿಂದ ಬಾಗಿಲವರೆಗೆ ಒಂದೊಂದೇ ಜೋಡಿ ಹಲಗೆಯ ಮೇಲೆ ಬೆರಳಿಟ್ಟು ನೋಡುತ್ತಾ ಬಂದರು. ಗೋಡೆ ಪಕ್ಕದ ಒಂದು ಕತ್ತರಿಸಿದ ಹಲಗೆಯ ಹತ್ತಿರ ಬೆರಳು ನಿಂತಿತು. ಕತ್ತರಿಸಿದ ಅಂಚಿಗೆ ಬೆವೆಲ್ ಇರಲಿಲ್ಲ. ಅಲ್ಲಿ ಸ್ಕರ್ಟಿಂಗ್ ಬರುತ್ತದೆ, ಮುಚ್ಚಿಹೋಗುತ್ತದೆ ಎಂದರು.